ಪ್ರತಿ ಸಾಲಿನಲ್ಲೂ ಶಾಖೆಯ ಹೆಸರು ಬೇಕಾದಾಗ: ಪಿವಟ್ ಟೇಬಲ್‌ನ ಮೂರು ವಿನ್ಯಾಸಗಳು

ಪ್ರಶ್ನೆ: ಬದಿಯಡ್ಕ ಸಮೀಪದ ಅಡಿಕೆ ಖರೀದಿ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಶಾಖೆ, ದರ್ಜೆ, ತೂಕ ಇರುವ ಖರೀದಿ ಪಟ್ಟಿಯಿಂದ ಎಕ್ಸೆಲ್‌ನಲ್ಲಿ ಪಿವಟ್ ಟೇಬಲ್ ಮಾಡಿದರೆ ಶಾಖೆಯೂ ದರ್ಜೆಯೂ ಒಂದೇ ಕಾಲಂನಲ್ಲಿ ಒಂದರ ಕೆಳಗೊಂದು ಬರುತ್ತವೆ. ಲೆಕ್ಕ ಪರಿಶೋಧಕರಿಗೆ ಪ್ರತಿ ಸಾಲಿನಲ್ಲೂ ಶಾಖೆಯ ಹೆಸರು ಬೇಕಂತೆ. Repeat All Item Labels ಒತ್ತಿದೆ, ಏನೂ ಆಗಲಿಲ್ಲ. ಸ್ನೇಹಿತರೊಬ್ಬರ ಮಾತಿನಂತೆ ಔಟ್‌ಲೈನ್ ವಿನ್ಯಾಸಕ್ಕೆ ಬದಲಿಸಿ ಮತ್ತೆ ಒತ್ತಿದಾಗ ಹೆಸರುಗಳೇನೋ ಬಂದವು, ಆದರೆ ಅದನ್ನು ಬೇರೆ ಹಾಳೆಗೆ ತೆಗೆದು ಲೆಕ್ಕ ಹಾಕಿದರೆ ಪೆರ್ಲ ಶಾಖೆಯ ತೂಕ ಸರಿಯಾಗಿ ಎರಡು ಪಟ್ಟು ಬರುತ್ತಿದೆ. ಮೂಲ ಪಟ್ಟಿಯೇ ಕೆಟ್ಟುಹೋಯಿತೇ? ಮೂರರಲ್ಲಿ ಯಾವ ವಿನ್ಯಾಸ ಸರಿ?

ಉತ್ತರ: ಮೂಲ ಪಟ್ಟಿಗೆ ಏನೂ ಆಗಿಲ್ಲ. ಪಿವಟ್ ಟೇಬಲ್ ಮೂಲ ಪಟ್ಟಿಯನ್ನು ಓದುತ್ತದೆಯೇ ಹೊರತು ಅದರೊಳಗೆ ಏನನ್ನೂ ಬರೆಯುವುದಿಲ್ಲ. ವಿನ್ಯಾಸವನ್ನು ಎಷ್ಟು ಸಲ ಬದಲಿಸಿದರೂ ನಿಮ್ಮ ಖರೀದಿ ಪಟ್ಟಿಯ ಒಂದು ಅಂಕಿಯೂ ಕದಲದು. ಎರಡು ಪಟ್ಟು ಬಂದದ್ದಕ್ಕೆ ಕಾರಣ ಔಟ್‌ಲೈನ್ ವಿನ್ಯಾಸವು ಉಪಮೊತ್ತವನ್ನು ಇಡುವ ಜಾಗ. ಅದನ್ನು ಅಂಕಿಗಳ ಸಮೇತ ಮುಂದೆ ತೋರಿಸುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಜನ ಎಡವುವುದು ಹೆಚ್ಚಾಗಿ ಅಲ್ಲಿಯೇ.

ಯಾವುದು ಸರಿ ಎಂಬುದಕ್ಕೆ ಉತ್ತರ ಹೇಳುವ ಮೊದಲು, ಆ ಕೋಷ್ಟಕವನ್ನು ಯಾರು ಓದುತ್ತಾರೆ ಎಂದು ಕೇಳಬೇಕಾಗುತ್ತದೆ. ನಿಮ್ಮ ಆಡಳಿತ ಮಂಡಳಿಯ ಸಭೆಯಲ್ಲಿ ಕಣ್ಣಿನಿಂದ ಓದುವ ಹಾಳೆಗೆ ಒಂದು ವಿನ್ಯಾಸ ಹೊಂದುತ್ತದೆ. ಪರಿಶೋಧಕರು ಫಿಲ್ಟರ್ ಹಾಕಿ, ಸೂತ್ರ ಬರೆದು, ತಮ್ಮ ಲೆಕ್ಕದೊಂದಿಗೆ ತಾಳೆ ನೋಡುವ ಹಾಳೆಗೆ ಅದೇ ವಿನ್ಯಾಸ ಹೊಂದುವುದಿಲ್ಲ.

ಉದಾಹರಣೆಗೆ ಎರಡೇ ಶಾಖೆಗಳನ್ನೂ ಮೂರು ದರ್ಜೆಗಳನ್ನೂ ಇಟ್ಟುಕೊಳ್ಳೋಣ. ಪೆರ್ಲದಲ್ಲಿ ಹೊಸತು 1,200 ಕಿಲೊ, ಹಳತು 450, ಕರಿಗೋಟು 150, ಒಟ್ಟು 1,800. ನೀರ್ಚಾಲಿನಲ್ಲಿ ಹೊಸತು 900, ಹಳತು 600, ಕರಿಗೋಟು 100, ಒಟ್ಟು 1,600. ಎರಡೂ ಸೇರಿದರೆ 3,400 ಕಿಲೊ. ಮೂರೂ ವಿನ್ಯಾಸಗಳಲ್ಲಿ ಈ ಅಂಕಿಗಳು ಇಷ್ಟೇ ಇರುತ್ತವೆ, ಅವು ಕೂರುವ ಜಾಗ ಮಾತ್ರ ಬೇರೆ.

ನೀವು ಮೊದಲು ಕಂಡದ್ದು ಕಂಪ್ಯಾಕ್ಟ್ ವಿನ್ಯಾಸ. ಎಕ್ಸೆಲ್ 2007ರಿಂದ ಹೊಸ ಪಿವಟ್ ಟೇಬಲ್ ತಾನಾಗಿ ಈ ರೂಪದಲ್ಲೇ ತೆರೆದುಕೊಳ್ಳುತ್ತದೆ. ಎಷ್ಟು ಫೀಲ್ಡ್‌ಗಳನ್ನು Rows ಭಾಗಕ್ಕೆ ಎಳೆದರೂ ಎಲ್ಲವೂ ಒಂದೇ ಕಾಲಂನಲ್ಲಿ ಸೇರುತ್ತವೆ. ಶೀರ್ಷಿಕೆಯಲ್ಲಿ "ಶಾಖೆ" ಎಂದಾಗಲಿ "ದರ್ಜೆ" ಎಂದಾಗಲಿ ಬಾರದೆ ಬರಿಯ Row Labels ಎಂದು ಬರುತ್ತದೆ. ದರ್ಜೆಯ ಹೆಸರುಗಳು ಶಾಖೆಯ ಹೆಸರಿಗಿಂತ ತುಸು ಒಳಕ್ಕೆ ಸರಿದಿರುತ್ತವೆ. ಅಗಲ ಕಡಿಮೆ ಬೇಕಾಗುವುದರಿಂದ ಪರದೆಯ ಮೇಲೆ ಓದಲು ಇದು ಹಿತ.

ಆದರೆ ಆ ಒಳಸರಿತವು ಸೆಲ್‌ನ ಅಲಂಕಾರ ಮಾತ್ರ, ಸೆಲ್‌ನೊಳಗಿನ ಅಕ್ಷರವಲ್ಲ. ಈ ಕೋಷ್ಟಕವನ್ನು ನಕಲು ಮಾಡಿ Paste Values ಮೂಲಕ ಬೇರೆ ಹಾಳೆಗೆ ಹಾಕಿದೊಡನೆ ಒಳಸರಿತ ಮಾಯವಾಗಿ "ಪೆರ್ಲ", "ಹೊಸತು", "ಹಳತು", "ಕರಿಗೋಟು", "ನೀರ್ಚಾಲು" ಎಲ್ಲವೂ ಒಂದೇ ಗೆರೆಗೆ ಬಂದು ನಿಲ್ಲುತ್ತವೆ. ಆಗ ಯಾವುದು ಶಾಖೆ, ಯಾವುದು ದರ್ಜೆ ಎಂಬುದು ನಿಮಗೆ ಗೊತ್ತಿರಬಹುದು, ಸೂತ್ರಕ್ಕೆ ಗೊತ್ತಾಗುವುದಿಲ್ಲ. ಎರಡು ಫೀಲ್ಡ್‌ಗಳಿಗೆ ಒಂದೇ ಕಾಲಂ ಇರುವಾಗ ಶಾಖೆಯ ಹೆಸರನ್ನು ದರ್ಜೆಯ ಸಾಲಿನಲ್ಲಿ ಮತ್ತೆ ಬರೆಯಲು ಜಾಗವೇ ಇರುವುದಿಲ್ಲ. ನೀವು Repeat All Item Labels ಒತ್ತಿದಾಗ ಏನೂ ಆಗದಿರಲು ಇದೇ ಕಾರಣ. ಆ ಸೌಲಭ್ಯ ಕೆಲಸ ಮಾಡುವುದು ಔಟ್‌ಲೈನ್ ಮತ್ತು ಟ್ಯಾಬ್ಯುಲರ್ ವಿನ್ಯಾಸಗಳಲ್ಲಿ ಮಾತ್ರ.

ಇನ್ನು ಔಟ್‌ಲೈನ್. ಇಲ್ಲಿ ಶಾಖೆಗೆ ಒಂದು ಕಾಲಂ, ದರ್ಜೆಗೆ ಇನ್ನೊಂದು ಕಾಲಂ ಸಿಗುತ್ತದೆ, ಶೀರ್ಷಿಕೆಯಲ್ಲಿ ಫೀಲ್ಡ್‌ನ ನಿಜವಾದ ಹೆಸರೂ ಬರುತ್ತದೆ. ಆದರೆ ಶಾಖೆಯ ಹೆಸರು ತನ್ನದೇ ಒಂದು ಸಾಲನ್ನು ಹಿಡಿಯುತ್ತದೆ, ದರ್ಜೆಗಳು ಅದರ ಕೆಳಗಿನ ಸಾಲಿನಿಂದ ಆರಂಭವಾಗುತ್ತವೆ. ಉಪಮೊತ್ತವು ಸಾಮಾನ್ಯವಾಗಿ ಗುಂಪಿನ ಮೇಲ್ಭಾಗದಲ್ಲಿ, ಅಂದರೆ ಶಾಖೆಯ ಹೆಸರಿರುವ ಆ ಸಾಲಿನಲ್ಲೇ ಕೂರುತ್ತದೆ. ಇದರ ಮೇಲೆ ಹೆಸರುಗಳನ್ನು ಪುನರಾವರ್ತಿಸಿದರೆ ಪೆರ್ಲದ ಭಾಗ ಹೀಗೆ ಕಾಣುತ್ತದೆ:

```
ಶಾಖೆ     ದರ್ಜೆ       ತೂಕ
ಪೆರ್ಲ                1800
ಪೆರ್ಲ    ಹೊಸತು      1200
ಪೆರ್ಲ    ಹಳತು        450
ಪೆರ್ಲ    ಕರಿಗೋಟು     150
```

ಮೊದಲ ಸಾಲನ್ನು ಗಮನಿಸಿ. ಅದು ಖರೀದಿಯ ಸಾಲಲ್ಲ, ಕೆಳಗಿನ ಮೂರರ ಮೊತ್ತ. ಹಾಗಿದ್ದರೂ ಅದರ ಶಾಖೆಯ ಕಾಲಂನಲ್ಲಿ "ಪೆರ್ಲ" ಎಂದಷ್ಟೇ ಇದೆ, ಇದು ಒಟ್ಟು ಎಂದು ತಿಳಿಸುವ ಒಂದು ಪದವೂ ಇಲ್ಲ. ಇಂಥ ಕೋಷ್ಟಕದ ಮೇಲೆ ನೀವೋ ಪರಿಶೋಧಕರೋ ಹೀಗೊಂದು ಸೂತ್ರ ಬರೆದರೆ,

```
=SUMIFS(C:C,A:A,"ಪೆರ್ಲ")
```

ನಾಲ್ಕೂ ಸಾಲುಗಳು ಹೊಂದುತ್ತವೆ, ಉತ್ತರ 3,600 ಬರುತ್ತದೆ. ನಿಮಗೆ ಎರಡು ಪಟ್ಟು ಬಂದದ್ದು ಹೀಗೆಯೇ. ಫಿಲ್ಟರ್ ಹಾಕಿ ಪೆರ್ಲವನ್ನು ಆರಿಸಿ, ತೂಕದ ಸೆಲ್‌ಗಳನ್ನು ಹಿಡಿದು ಪರದೆಯ ಕೆಳಗಿನ Status Bar ನಲ್ಲಿ ಮೊತ್ತ ನೋಡಿದರೂ 3,600 ಎಂದೇ ತೋರಿಸುತ್ತದೆ. ಈ ತಪ್ಪಿನ ಅಪಾಯ ಏನೆಂದರೆ ಎಲ್ಲ ಶಾಖೆಗಳೂ ಒಂದೇ ಪ್ರಮಾಣದಲ್ಲಿ ದುಪ್ಪಟ್ಟಾಗುತ್ತವೆ. ಶಾಖೆಗಳ ನಡುವಿನ ಹೋಲಿಕೆ, ಶೇಕಡಾವಾರು ಪಾಲು ಎಲ್ಲವೂ ಸರಿಯಾಗಿಯೇ ಕಾಣುತ್ತವೆ. ಗೋದಾಮಿನ ದಾಸ್ತಾನಿನೊಂದಿಗೆ ತಾಳೆ ಹಾಕುವವರೆಗೂ ಯಾರಿಗೂ ಅನುಮಾನ ಬರುವುದಿಲ್ಲ. ನೀವು ಅದನ್ನು ಕಳುಹಿಸುವ ಮೊದಲೇ ಗುರುತಿಸಿದ್ದು ಒಳ್ಳೆಯದಾಯಿತು.

ಹಾಗಿದ್ದರೆ ಔಟ್‌ಲೈನ್‌ನಲ್ಲೇ ಉಪಮೊತ್ತವನ್ನು ತೆಗೆದುಹಾಕಿದರೆ ಸಾಲದೇ ಎಂದು ನೀವು ಕೇಳಬಹುದು. ಅರ್ಧ ಸಾಕು. ತೂಕದ ಕಾಲಂನಿಂದ 1,800 ಹೋಗುತ್ತದೆ, ಮೊತ್ತ ಸರಿಯಾಗುತ್ತದೆ, ಆದರೆ ಶಾಖೆಯ ಹೆಸರಿನ ಆ ಸಾಲು ಖಾಲಿಯಾಗಿ ಉಳಿದೇ ಇರುತ್ತದೆ. ಪೆರ್ಲದಲ್ಲಿ ಎಷ್ಟು ದರ್ಜೆಗಳ ಖರೀದಿ ನಡೆದಿದೆ ಎಂದು ಎಣಿಸುವ ಸೂತ್ರ ಹಾಕಿದರೆ ಮೂರರ ಬದಲು ನಾಲ್ಕು ಬರುತ್ತದೆ. ಓದುವ ವರದಿಗೆ ಔಟ್‌ಲೈನ್ ಒಳ್ಳೆಯದೇ, ಶಾಖೆಯ ಮೊತ್ತ ಮೊದಲು ಕಂಡು ವಿವರ ಕೆಳಗೆ ಬರುವುದು ಸಭೆಯಲ್ಲಿ ಓದುವವರಿಗೆ ಅನುಕೂಲ. ಮುಂದೆ ಲೆಕ್ಕ ಹಾಕಲಿರುವ ಹಾಳೆಗೆ ಮಾತ್ರ ಅದನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ನಿಮ್ಮ ಕೆಲಸಕ್ಕೆ ಬೇಕಾದದ್ದು ಟ್ಯಾಬ್ಯುಲರ್. ಇಲ್ಲಿಯೂ ಪ್ರತಿ ಫೀಲ್ಡ್‌ಗೆ ಪ್ರತ್ಯೇಕ ಕಾಲಂ ಇರುತ್ತದೆ, ಆದರೆ ಶಾಖೆಯ ಹೆಸರು ಮತ್ತು ಅದರ ಮೊದಲ ದರ್ಜೆ ಒಂದೇ ಸಾಲಿನಲ್ಲಿ ಬರುತ್ತವೆ, ಶಾಖೆಗೆಂದು ಬೇರೆ ಸಾಲು ಇರುವುದಿಲ್ಲ. ಉಪಮೊತ್ತ ಇಟ್ಟುಕೊಂಡರೆ ಅದು ಗುಂಪಿನ ಕೆಳಗೆ "ಪೆರ್ಲ Total" ಎಂಬ ಹೆಸರಿನಲ್ಲಿ ಬರುತ್ತದೆ, ಈ ವಿನ್ಯಾಸದಲ್ಲಿ ಅದನ್ನು ಮೇಲಕ್ಕೆ ತರಲು ಅವಕಾಶವಿಲ್ಲ. ಹೆಸರು ಬೇರೆಯಾಗಿರುವುದರಿಂದ ಮೇಲಿನ ಸೂತ್ರಕ್ಕೆ ಆ ಸಾಲು ಸಿಗುವುದಿಲ್ಲ, ಉತ್ತರ 1,800 ಎಂದೇ ಬರುತ್ತದೆ. ಆದರೂ ಇಡೀ ಕಾಲಂ ಕೂಡಿಸುವವರು ಇದ್ದೇ ಇರುತ್ತಾರೆ, ಆದ್ದರಿಂದ ಕಳುಹಿಸುವ ಹಾಳೆಯಲ್ಲಿ ಉಪಮೊತ್ತ ಇಲ್ಲದಿರುವುದೇ ಕ್ಷೇಮ.

ಮಾಡುವ ಕ್ರಮ ಹೀಗಿದೆ. ಪಿವಟ್ ಟೇಬಲ್‌ನೊಳಗೆ ಎಲ್ಲಾದರೂ ಒಮ್ಮೆ ಕ್ಲಿಕ್ ಮಾಡಿದರೆ ಮೇಲ್ಭಾಗದಲ್ಲಿ Design ಟ್ಯಾಬ್ ಕಾಣುತ್ತದೆ. ಅದರಲ್ಲಿ Report Layout ತೆರೆದು ಮೊದಲು Show in Tabular Form ಆರಿಸಿ. ಅದೇ ಪಟ್ಟಿಯನ್ನು ಮತ್ತೆ ತೆರೆದು Repeat All Item Labels ಒತ್ತಿ. ಬಳಿಕ ಪಕ್ಕದ Subtotals ತೆರೆದು Do Not Show Subtotals, ಹಾಗೆಯೇ Grand Totals ತೆರೆದು Off for Rows and Columns ಆರಿಸಿ. ಈಗ ನಮ್ಮ ಉದಾಹರಣೆಯಲ್ಲಿ ಶೀರ್ಷಿಕೆ ಬಿಟ್ಟು ಆರು ಸಾಲುಗಳು ಉಳಿಯುತ್ತವೆ, ಎರಡು ಶಾಖೆ, ಮೂರು ದರ್ಜೆ, ಆರು ಸಾಲು. ಪ್ರತಿ ಸಾಲಿನಲ್ಲೂ ಶಾಖೆ, ದರ್ಜೆ, ತೂಕ ಮೂರೂ ತುಂಬಿರುತ್ತವೆ. ಇದೇ ಕೋಷ್ಟಕ ಕಂಪ್ಯಾಕ್ಟ್‌ನಲ್ಲಿದ್ದಾಗ ಒಂಬತ್ತು ಸಾಲುಗಳಿದ್ದವು ಎಂಬುದನ್ನು ನೋಡಿದರೆ, ಹೆಸರುಗಳನ್ನು ಪುನರಾವರ್ತಿಸಿದರೆ ಹಾಳೆ ಉದ್ದವಾಗುತ್ತದೆ ಎಂಬ ಮಾತಿನಲ್ಲಿ ಹುರುಳಿಲ್ಲವೆಂದು ತಿಳಿಯುತ್ತದೆ. ಪುನರಾವರ್ತನೆಯು ಈಗಾಗಲೇ ಇರುವ ಖಾಲಿ ಸೆಲ್‌ಗಳನ್ನು ತುಂಬುತ್ತದೆ, ಹೊಸ ಸಾಲುಗಳನ್ನು ಸೇರಿಸುವುದಿಲ್ಲ.

ಆ ಖಾಲಿ ಸೆಲ್‌ಗಳ ಬಗ್ಗೆ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಪುನರಾವರ್ತನೆ ಇಲ್ಲದ ಟ್ಯಾಬ್ಯುಲರ್ ಕೋಷ್ಟಕದಲ್ಲಿ ಶಾಖೆಯ ಹೆಸರು ಗುಂಪಿನ ಮೊದಲ ಸಾಲಿನಲ್ಲಿ ಮಾತ್ರ ಇರುತ್ತದೆ. ಕೆಳಗಿನ ಸೆಲ್‌ಗಳಲ್ಲಿ ಹೆಸರು ಇದ್ದೇ ಇದೆ, ಕಣ್ಣಿಗೆ ಕಾಣದಂತೆ ಮರೆಮಾಡಲಾಗಿದೆ ಎಂದು ಹಲವರು ಭಾವಿಸುತ್ತಾರೆ. ಅವು ನಿಜವಾಗಿಯೂ ಖಾಲಿ. ಅದಕ್ಕೇ ಅಂಥ ಕೋಷ್ಟಕವನ್ನು ನಕಲಿಸಿ ಫಿಲ್ಟರ್ ಹಾಕಿದರೆ ಪೆರ್ಲಕ್ಕೆ ಒಂದೇ ಸಾಲು, ನೀರ್ಚಾಲಿಗೆ ಒಂದೇ ಸಾಲು ಬರುತ್ತದೆ, SUMIFS ಸೂತ್ರ 1,800ರ ಬದಲು ಮೊದಲ ಸಾಲಿನ ತೂಕವನ್ನಷ್ಟೇ ಕೊಡುತ್ತದೆ. ಪುನರಾವರ್ತನೆ ಒತ್ತಿದ ಮೇಲೆ ಆ ಸೆಲ್‌ಗಳಲ್ಲಿ ಹೆಸರು ನಿಜವಾಗಿ ಕೂರುತ್ತದೆ, ಸೂತ್ರಗಳು ಅದನ್ನು ಓದಬಲ್ಲವು.

ಪಿವಟ್ ಟೇಬಲ್‌ನೊಳಗೆ ಕೈಯಿಂದ ಹೆಸರು ಬರೆಯುವ ಪ್ರಯತ್ನವನ್ನು ಮಾತ್ರ ದಯವಿಟ್ಟು ಮಾಡಬೇಡಿ. ಖಾಲಿ ಸೆಲ್‌ನಲ್ಲಿ ಬರೆಯಲು ಎಕ್ಸೆಲ್ ಬಿಡುವುದಿಲ್ಲ, ಅಲ್ಲಿ ಅಪಾಯವಿಲ್ಲ. ಹೆಸರಿರುವ ಸೆಲ್‌ನ ಮೇಲೆ ಬೇರೆ ಹೆಸರು ಬರೆಯಲು ಮಾತ್ರ ಅದು ಬಿಡುತ್ತದೆ. "ಪೆರ್ಲ" ಇರುವಲ್ಲಿ "ಪೆರ್ಲ ಶಾಖೆ" ಎಂದು ಬರೆದರೆ ಆ ಕೋಷ್ಟಕದಲ್ಲಿ ಪೆರ್ಲದ ಹೆಸರೇ ಹಾಗೆ ಬದಲಾಗುತ್ತದೆ. ಮೂಲ ಪಟ್ಟಿಯಲ್ಲಿ ಹಳೆಯ ಹೆಸರೇ ಇರುತ್ತದೆ, Refresh ಒತ್ತಿದರೂ ಕೋಷ್ಟಕದಲ್ಲಿ ಹೊಸ ಹೆಸರು ಹಾಗೆಯೇ ಉಳಿಯುತ್ತದೆ. ತಿಂಗಳುಗಳ ಬಳಿಕ ಬೇರೊಬ್ಬರು ಆ ಕಡತ ತೆರೆದಾಗ ವರದಿಯ ಹೆಸರಿಗೂ ಪಟ್ಟಿಯ ಹೆಸರಿಗೂ ಏಕೆ ತಾಳೆಯಾಗುತ್ತಿಲ್ಲ ಎಂದು ಹುಡುಕುತ್ತ ಕೂರಬೇಕಾಗುತ್ತದೆ.

ನಿಮ್ಮಲ್ಲಿ ತಿಂಗಳ ಫೀಲ್ಡ್ ಕೂಡ ಇದ್ದು ಶಾಖೆ, ತಿಂಗಳು, ದರ್ಜೆ ಎಂಬ ಕ್ರಮದಲ್ಲಿ ಮೂರನ್ನು ಇಟ್ಟರೆ, ಕೆಲವೊಮ್ಮೆ ಶಾಖೆಯ ಹೆಸರು ಮಾತ್ರ ಪ್ರತಿ ಸಾಲಿನಲ್ಲಿದ್ದರೆ ಸಾಕೆನಿಸಬಹುದು. ಆಗ ಶಾಖೆಯ ಯಾವುದಾದರೂ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ Field Settings ತೆರೆದು, Layout & Print ಭಾಗದಲ್ಲಿ Repeat item labels ಎಂಬ ಚೌಕಕ್ಕೆ ಗುರುತು ಹಾಕಿ. ಅದು ಆ ಒಂದು ಫೀಲ್ಡ್‌ಗೆ ಮಾತ್ರ ಅನ್ವಯಿಸುತ್ತದೆ. ಕಟ್ಟಕಡೆಯ ಫೀಲ್ಡ್, ಇಲ್ಲಿ ದರ್ಜೆ, ಹೇಗೂ ಪ್ರತಿ ಸಾಲಿನಲ್ಲೂ ಬರುತ್ತದೆ, ಅದಕ್ಕೆ ಗುರುತು ಹಾಕಿದರೂ ಬಿಟ್ಟರೂ ಒಂದೇ.

ಮುದ್ರಣಕ್ಕಾಗಿಯಷ್ಟೇ ಹೆಸರು ಬೇಕಿದ್ದರೆ, ಅಂದರೆ ಒಂದು ಶಾಖೆಯ ವಿವರ ಎರಡನೇ ಪುಟಕ್ಕೆ ಮುಂದುವರಿದಾಗ ಅಲ್ಲಿ ಶಾಖೆಯ ಹೆಸರಿಲ್ಲವೆಂಬುದು ತೊಂದರೆಯಾಗಿದ್ದರೆ, ಎಲ್ಲ ಸಾಲುಗಳನ್ನೂ ತುಂಬಿಸಬೇಕಾಗಿಲ್ಲ. PivotTable Options ಒಳಗಿನ Printing ಭಾಗದಲ್ಲಿ Repeat row labels on each printed page ಎಂಬುದೊಂದಿದೆ, ಅದು ಪುಟದ ಆರಂಭದಲ್ಲಿ ಹೆಸರನ್ನು ಮತ್ತೆ ತರುತ್ತದೆ. ಸಾಲುಸಾಲಿಗೂ "ಪೆರ್ಲ, ಪೆರ್ಲ" ಎಂದಿರುವ ಮುದ್ರಿತ ಹಾಳೆ ಕಣ್ಣಿಗೆ ಆಯಾಸ, ಗುಂಪು ಎಲ್ಲಿ ಮುಗಿಯಿತು ಎಂಬುದು ಬೇಗ ತಿಳಿಯುವುದಿಲ್ಲ.

ಪರಿಶೋಧಕರಿಗೆ ಕಳುಹಿಸುವಾಗ ಕೋಷ್ಟಕವನ್ನು ಹೊಸ ಹಾಳೆಗೆ Paste Values ಮಾಡಿ ಕೊಡುವುದು ರೂಢಿ. ಪಿವಟ್ ಟೇಬಲ್ ಇರುವ ಕಡತವನ್ನೇ ಕಳುಹಿಸಿದರೆ ಅದರೊಳಗೆ ಅಡಗಿರುವ ಮೂಲ ವಿವರವೂ ಜೊತೆಗೆ ಹೋಗಬಹುದು, ಹಾಗಾಗಿ ಈ ರೂಢಿ ಸರಿಯಾದದ್ದೇ. ನಕಲಿಸುವ ಮೊದಲು ಎಲ್ಲ ಗುಂಪುಗಳೂ ಬಿಚ್ಚಿವೆಯೇ ಎಂದು ನೋಡಿ. ಹೆಸರಿನ ಪಕ್ಕದ ಗುಂಡಿಯೊತ್ತಿ ಒಂದು ಶಾಖೆಯನ್ನು ಮಡಚಿಟ್ಟಿದ್ದರೆ, ಆ ಶಾಖೆಗೆ ದರ್ಜೆಯ ಜಾಗ ಖಾಲಿಯಿರುವ ಒಂದೇ ಸಾಲು ಬರುತ್ತದೆ, ಉಳಿದವಕ್ಕೆ ಪೂರ್ಣ ವಿವರ ಬರುತ್ತದೆ. ಮೊತ್ತ ಸರಿಯಿರುವುದರಿಂದ ಇದು ತಾಳೆಯಲ್ಲೂ ಸಿಕ್ಕಿಬೀಳುವುದಿಲ್ಲ.

ಅಂಟಿಸಿದ ಮೇಲೆ ತೂಕದ ಇಡೀ ಕಾಲಂ ಕೂಡಿಸಿ ಮೂಲ ಪಟ್ಟಿಯ ಮೊತ್ತದೊಂದಿಗೆ ಹೋಲಿಸಿ. ನಮ್ಮ ಉದಾಹರಣೆಯಲ್ಲಿ 3,400 ಬರಬೇಕು. 6,800 ಬಂದರೆ ಉಪಮೊತ್ತವೋ ಕೊನೆಯ ಒಟ್ಟು ಮೊತ್ತವೋ, ಎರಡರಲ್ಲಿ ಒಂದು ಉಳಿದುಕೊಂಡಿದೆ. 10,200 ಬಂದರೆ ಎರಡೂ ಉಳಿದಿವೆ. ಉಪಮೊತ್ತದ ಹಂತ ಒಂದೇ ಇರುವಾಗ ಈ ಗುಣಿತಗಳು ಹೀಗೆ ನಿಖರವಾಗಿ ಬರುತ್ತವೆ, ಆದ್ದರಿಂದ ದೋಷ ಎಲ್ಲಿದೆಯೆಂದು ಮೊತ್ತವನ್ನು ನೋಡಿದೊಡನೆ ಹೇಳಬಹುದು.

ಅಂಟಿಸುವ ಬದಲು ಪಿವಟ್ ಟೇಬಲ್‌ನಿಂದಲೇ ಅಂಕಿ ಎಳೆಯುವ ಸೂತ್ರ ನಿಮ್ಮ ಇನ್ನೊಂದು ಹಾಳೆಯಲ್ಲಿ ಬೇಕಿದ್ದರೆ GETPIVOTDATA ಬಳಸಿ. ಕೋಷ್ಟಕ A3 ಸೆಲ್‌ನಿಂದ ಆರಂಭವಾಗಿದೆ ಎಂದಿಟ್ಟುಕೊಂಡರೆ ಅದು ಹೀಗಿರುತ್ತದೆ:

```
=GETPIVOTDATA("ತೂಕ",$A$3,"ಶಾಖೆ","ಪೆರ್ಲ","ದರ್ಜೆ","ಕರಿಗೋಟು")
```

ಇದು ಸೆಲ್‌ನ ಜಾಗವನ್ನು ನೋಡದೆ ಫೀಲ್ಡ್‌ನ ಹೆಸರನ್ನು ನೋಡುತ್ತದೆ. ಆದ್ದರಿಂದ ವಿನ್ಯಾಸ ಯಾವುದಿದ್ದರೂ, ಹೆಸರು ಪುನರಾವರ್ತನೆಯಾಗಿರಲಿ ಬಿಡಲಿ, 150 ಎಂದೇ ಉತ್ತರ ಕೊಡುತ್ತದೆ. ಇದರ ಮಿತಿ ಒಂದೇ: ಕೋಷ್ಟಕದಲ್ಲಿ ಆ ಅಂಕಿ ಕಣ್ಣಿಗೆ ಕಾಣುವಂತಿರಬೇಕು. ಪೆರ್ಲವನ್ನು ಮಡಚಿದರೆ ಅಥವಾ ಕರಿಗೋಟನ್ನು ಫಿಲ್ಟರ್‌ನಲ್ಲಿ ತೆಗೆದರೆ #REF! ಎಂದು ಬರುತ್ತದೆ. ತಪ್ಪು ಅಂಕಿ ಕೊಡುವುದಕ್ಕಿಂತ ಹೀಗೆ ನಿಂತುಬಿಡುವುದೇ ಲೆಕ್ಕದವರಿಗೆ ಒಳ್ಳೆಯದು.

ಪರಿಶೋಧಕರು ನಿಜವಾಗಿ ಕೇಳುತ್ತಿರುವುದು ದರ್ಜೆವಾರು ಮೊತ್ತವನ್ನೋ ಬಿಲ್ಲುವಾರು ವಿವರವನ್ನೋ ಎಂದು ಒಮ್ಮೆ ವಿಚಾರಿಸಿ. ಬಿಲ್ಲುವಾರು ವಿವರವೇ ಬೇಕಿದ್ದರೆ ಕೋಷ್ಟಕದ ವಿನ್ಯಾಸದೊಂದಿಗೆ ಗುದ್ದಾಡಬೇಕಾಗಿಲ್ಲ. ಪೆರ್ಲದ ಮೊತ್ತವಿರುವ ಸೆಲ್‌ನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಆ ಮೊತ್ತಕ್ಕೆ ಸೇರಿದ ಮೂಲ ಸಾಲುಗಳೆಲ್ಲ ಹೊಸ ಹಾಳೆಯಲ್ಲಿ ಬಂದು ಬೀಳುತ್ತವೆ, ಪ್ರತಿಯೊಂದರಲ್ಲೂ ಶಾಖೆಯ ಹೆಸರು ಇರುತ್ತದೆ. ಆದರೆ ಎಲ್ಲ ಕಾಲಂಗಳೂ ಬರುತ್ತವೆ. ಮೂಲ ಪಟ್ಟಿಯಲ್ಲಿ ಕೃಷಿಕರ ಹೆಸರು, ಬ್ಯಾಂಕ್ ಖಾತೆಯ ಸಂಖ್ಯೆ ಇದ್ದರೆ ಅವೂ ಬರುತ್ತವೆ, ಬೇಡದ ಕಾಲಂಗಳನ್ನು ಅಳಿಸಿಯೇ ಕಳುಹಿಸಿ.

ಹೆಸರುಗಳು ಪ್ರತಿ ಸಾಲಿನಲ್ಲಿ ತುಂಬಿದ ಮೇಲೆ ನಿಮ್ಮ ಕಣ್ಣಿಗೆ ಬೀಳಬಹುದಾದ ಇನ್ನೊಂದು ಸಮಸ್ಯೆ ನಮ್ಮ ಕಾಸರಗೋಡಿನಲ್ಲಿ ಬಹಳ ಸಾಮಾನ್ಯ. ಒಬ್ಬರು ಶಾಖೆಯ ಹೆಸರನ್ನು ಕನ್ನಡದಲ್ಲಿ, ಇನ್ನೊಬ್ಬರು ಮಲಯಾಳದಲ್ಲಿ, ಮತ್ತೊಬ್ಬರು ಇಂಗ್ಲಿಷಿನಲ್ಲಿ ಬರೆದಿರುತ್ತಾರೆ. ನಮಗೆ ಮೂರೂ ಒಂದೇ ಊರು, ಪಿವಟ್ ಟೇಬಲ್‌ಗೆ ಮೂರು ಬೇರೆ ಬೇರೆ ಶಾಖೆಗಳು. ಯಾವ ವಿನ್ಯಾಸವೂ ಇದನ್ನು ಸರಿಪಡಿಸದು, ಮೂಲ ಪಟ್ಟಿಯಲ್ಲೇ ಒಂದು ಹೆಸರಿಗೆ ತಂದು Refresh ಒತ್ತಬೇಕು. ಶಾಖೆಯ ಕಾಲಂಗೆ Data Validation ಮೂಲಕ ಆಯ್ಕೆಯ ಪಟ್ಟಿಯೊಂದನ್ನು ಹಾಕಿಟ್ಟರೆ ಮುಂದಿನ ದಾಖಲೆಗಳಲ್ಲಿ ಈ ತೊಂದರೆ ಬಾರದು.

ನಿಮ್ಮ ಕಂಪ್ಯೂಟರ್‌ನಲ್ಲಿರುವುದು ಎಕ್ಸೆಲ್ 2019 ಅಥವಾ ಮೈಕ್ರೋಸಾಫ್ಟ್ 365 ಆಗಿದ್ದರೆ, File, Options, Data ಎಂಬ ಕ್ರಮದಲ್ಲಿ ಹೋಗಿ Edit Default Layout ಒತ್ತಿ ಟ್ಯಾಬ್ಯುಲರ್, ಪುನರಾವರ್ತನೆ, ಉಪಮೊತ್ತವಿಲ್ಲ ಎಂಬುದನ್ನೇ ಶಾಶ್ವತವಾಗಿ ಇಟ್ಟುಕೊಳ್ಳಬಹುದು. ಹೊಸದಾಗಿ ಮಾಡುವ ಕೋಷ್ಟಕಗಳಿಗೆ ಮಾತ್ರ ಅದು ಅನ್ವಯಿಸುತ್ತದೆ, ಹಳೆಯವು ಇದ್ದ ಹಾಗೆಯೇ ಇರುತ್ತವೆ. ಹೆಸರು ಪುನರಾವರ್ತನೆಯ ಸೌಲಭ್ಯ ಬಂದದ್ದು ಎಕ್ಸೆಲ್ 2010ರಲ್ಲಿ. ಶಾಖೆಗಳಲ್ಲಿ ಯಾರಾದರೂ ಇನ್ನೂ 2007 ಬಳಸುತ್ತಿದ್ದರೆ ಅವರಿಗೆ ಆ ಗುಂಡಿಯೇ ಸಿಗದು. ಅವರು ಟ್ಯಾಬ್ಯುಲರ್ ಕೋಷ್ಟಕವನ್ನು ಬೇರೆ ಹಾಳೆಗೆ ಅಂಟಿಸಿ, ಶಾಖೆಯ ಕಾಲಂ ಆರಿಸಿ, Go To Special ಮೂಲಕ Blanks ಹಿಡಿದು, ಸಮ ಚಿಹ್ನೆ ಒತ್ತಿ ಮೇಲಿನ ಸೆಲ್‌ನ ವಿಳಾಸ ಕೊಟ್ಟು Ctrl+Enter ಒತ್ತಿದರೆ ಎಲ್ಲ ಖಾಲಿ ಸೆಲ್‌ಗಳೂ ಒಮ್ಮೆಗೇ ತುಂಬುತ್ತವೆ. ಆ ಬಳಿಕ ಆ ಕಾಲಂ ಅನ್ನು ನಕಲಿಸಿ ಅದರ ಮೇಲೆಯೇ Paste Values ಮಾಡಬೇಕು. ಇಲ್ಲದಿದ್ದರೆ ಯಾರಾದರೂ ತೂಕದ ಪ್ರಕಾರ ಸಾಲುಗಳನ್ನು ಜೋಡಿಸಿದೊಡನೆ ಆ ಸೂತ್ರಗಳು ಬೇರೆ ಸೆಲ್‌ಗಳನ್ನು ನೋಡತೊಡಗಿ, ಪೆರ್ಲದ ಕರಿಗೋಟು ನೀರ್ಚಾಲಿನ ಹೆಸರಿಗೆ ಹೋಗಿ ಕೂರುತ್ತದೆ.